ಅಜ್ಜನ ನಾಲ್ಕು ನಿಮಿಷ, ಶಲ್ಯದ ಒಂದು ಗಂಟು

ತಂಗಿಯ ಮದುವೆಗೆ ಹದಿನೈದು ದಿನ ಇರುವಾಗ ಮನೆಯಲ್ಲಿ ಒಂದೇ ಚರ್ಚೆ: ಆರತಕ್ಷತೆಯಲ್ಲಿ ಅಜ್ಜನ ಕೈಗೆ ಮೈಕ್ ಕೊಡೋದಾ, ಬೇಡವಾ? ಅಜ್ಜಿ ತೀರಿಕೊಂಡು ಎರಡು ವರ್ಷ. ಮಾತಿನ ನಡುವೆ ಅಜ್ಜ ಅತ್ತುಬಿಟ್ಟರೆ ಅನ್ನೋದು ಅಮ್ಮನ ಭಯ. ಬಾಲ್ಯದ ಕಥೆಗಳನ್ನೆಲ್ಲ ಆಫೀಸಿನವರ ಮುಂದೆ ಬಿಚ್ಚಿಟ್ಟರೆ ಅನ್ನೋದು ತಂಗಿಯ ಭಯ.

ಅಜ್ಜ ಮಾತ್ರ ಹಳೇ ಡೈರಿ ಹಿಡಿದು ಕೂತಿದ್ದರು. ಮೊದಲು ಫೋನ್ ಮಾಡಿದ್ದು ಪುರೋಹಿತರಿಗೆ. "ಸಪ್ತಪದಿ ಯಾವ ಸೂತ್ರದ ಪ್ರಕಾರ ಮಾಡಿಸ್ತೀರಿ?" ಯಾಕಜ್ಜ ಅಂದೆ. ಏಳು ಹೆಜ್ಜೆಗಳ ಅರ್ಥ ಎಲ್ಲ ಕಡೆ ಒಂದೇ ಅಲ್ಲವಂತೆ. ಆಶ್ವಲಾಯನ ಕ್ರಮದಲ್ಲಿ ಮೂರನೆಯದು ಸಂಪತ್ತಿಗೆ, ಆಪಸ್ತಂಬದಲ್ಲಿ ವ್ರತಕ್ಕೆ. "ಬೆಳಿಗ್ಗೆ ಅವರೊಂದು ಹೇಳಿ, ಸಂಜೆ ನಾನೊಂದು ಹೇಳಿದ್ರೆ ಬೀಗರು ನಗಲ್ವಾ?" ನಮ್ಮದು ಆಶ್ವಲಾಯನ.

ಆದರೂ ಏಳನ್ನೂ ವಿವರಿಸೋದಕ್ಕೆ ಅಜ್ಜ ಹೋಗಲಿಲ್ಲ. ಮೊದಲನೆಯದು ಅನ್ನಕ್ಕೆ, ಏಳನೆಯದು ಸ್ನೇಹಕ್ಕೆ, ಎರಡೇ ಸಾಕು ಅಂದರು. ಐದನೆಯದು ಸಂತಾನಕ್ಕೆ. ಅದನ್ನು ಬೇಕಂತಲೇ ಬಿಟ್ಟರು. "ಮಂತ್ರದಲ್ಲಿ ಇದೆ, ಪುರೋಹಿತರು ಹೇಳ್ತಾರೆ. ಮೈಕಲ್ಲಿ ನಾನು ಹೇಳಿದ್ರೆ ಸಭೆಯೆಲ್ಲ 'ಓಹೋ' ಅನ್ನುತ್ತೆ, ಮಗು ತಲೆ ತಗ್ಗಿಸುತ್ತೆ."

ಆಮೇಲೆ ಮನೆಯ ನೆನಪು. ಡೈರಿಯಲ್ಲಿ ಮೂರು ಇದ್ದವು. ತಂಗಿ ಪರೀಕ್ಷೆಗೆ ಹೆದರಿ ಅಟ್ಟ ಹತ್ತಿ ಅಡಗಿದ್ದು ಒಂದು. ನಾವೆಲ್ಲ ಬಿದ್ದು ಬಿದ್ದು ನಗುವ ಕಥೆ. ಅಜ್ಜ ತಂಗಿಗೇ ಫೋನ್ ಮಾಡಿ ಕೇಳಿದರು. ಅವಳು "ಹೇಳು ಅಜ್ಜ, ಪರವಾಗಿಲ್ಲ" ಅಂದಳು. ಆದರೆ ಅನ್ನೋ ಮೊದಲು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅಜ್ಜ ಅಲ್ಲೇ ಗೆರೆ ಎಳೆದುಬಿಟ್ಟರು. "ಪರವಾಗಿಲ್ಲ ಅಂದ್ರೆ ಬೇಡ ಅಂತ. ಇಷ್ಟ ಇದ್ದಿದ್ರೆ ನಗ್ತಿದ್ಲು." ಅವಳಿಗೆ ಮೊದಲು ಬಂದಿದ್ದ ಸಂಬಂಧದ ಸುದ್ದಿ ಎರಡನೆಯದು. ಅದನ್ನು ಯಾರನ್ನೂ ಕೇಳದೆ ಹೊಡೆದುಹಾಕಿದರು. ಉಳಿದದ್ದು ಮೂರನೆಯದು, ಅದರಲ್ಲಿ ಪೆದ್ದನಾಗೋದು ಅಜ್ಜನೇ.

ಗಡಿಯಾರ ಇಟ್ಟುಕೊಂಡು ನನ್ನ ಮುಂದೆ ಓದಿದರು. ಮೊದಲ ಸಲ ಹನ್ನೊಂದು ನಿಮಿಷ. ನೆಂಟರ ಹೆಸರು ಹೇಳಿ ವಂದಿಸೋದಕ್ಕೇ ಮೂರು ನಿಮಿಷ ಹೋಗಿತ್ತು. ಅದನ್ನು "ಎಲ್ಲ ಹಿರಿಯರಿಗೂ ನಮಸ್ಕಾರ" ಅಂತ ಒಂದೇ ಸಾಲು ಮಾಡಿದರು. ಕೊನೆಗೆ ನಾಲ್ಕು ನಿಮಿಷಕ್ಕೆ ಬಂತು. ಕಣ್ಣೀರು ಬರುವ ಜಾಗ ಅವರಿಗೂ ಗೊತ್ತಿತ್ತು. ಅಜ್ಜಿಯ ಮಾತನ್ನು ಕೊನೆಗೆ ಇಡದೆ ನಡುವೆ ಇಟ್ಟರು, ಅದರ ಬೆನ್ನಿಗೇ ಒಂದು ನಗು. ಗಂಟಲು ಕಟ್ಟಿದರೂ ದಾಟೋದಕ್ಕೆ ಒಂದು ಸೇತುವೆ ಬೇಕಲ್ಲ.

ಆರತಕ್ಷತೆಯ ದಿನ, ಊಟಕ್ಕೆ ಕರೆಯೋ ಮುಂಚೆ, ಅಜ್ಜ ಕುರ್ಚಿಯಲ್ಲಿ ಕೂತೇ ಮಾತಾಡಿದರು. ನನಗೆ ನೆನಪಿರೋದು ಇಷ್ಟು:

"ಬೆಳಿಗ್ಗೆ ಇವಳ ಸೆರಗಿಗೂ ಅವನ ಶಲ್ಯಕ್ಕೂ ಗಂಟು ಹಾಕಿ ಏಳು ಹೆಜ್ಜೆ ನಡೆಸಿದ್ರು. ಮೊದಲ ಹೆಜ್ಜೆ ಅನ್ನಕ್ಕೆ. ಊಟಕ್ಕೆ ತಡ ಮಾಡಬಾರದು ಅಂತ ಶಾಸ್ತ್ರವೇ ಹೇಳುತ್ತೆ, ಆದ್ದರಿಂದ ನಾನೂ ಬೇಗ ಮುಗಿಸ್ತೀನಿ. ಏಳನೆಯದು ಸ್ನೇಹಕ್ಕೆ. ನನಗೆ ಮರೆವು ಜಾಸ್ತಿ. ಮದುವೆಯಾದ ಹೊಸತರಲ್ಲಿ ಪೇಟೆಗೆ ಹೋಗಿ ಮೂರು ವಾರ ಕಾಫಿಪುಡಿ ಮರೆತು ಬಂದೆ. ನಾಲ್ಕನೇ ವಾರ ನಿಮ್ಮಜ್ಜಿ ಬೈಲಿಲ್ಲ. ನನ್ನ ಶಲ್ಯದ ತುದಿಗೆ ಒಂದು ಗಂಟು ಹಾಕಿದ್ಲು, ನೋಡಿದಾಗ ನೆನಪಾಗಲಿ ಅಂತ. ಆಮೇಲೆ ಪ್ರತಿ ವಾರ ಒಂದು ಗಂಟು. ಈಗ ಗಂಟು ಹಾಕೋರಿಲ್ಲ."

ಇಲ್ಲಿ ಒಂದು ಕ್ಷಣ ನಿಂತರು. ಅಮ್ಮ ನನ್ನ ಕೈ ಹಿಡಿದಳು.

"ಆ ವಾರ ನಾನು ಗಂಟು ನೋಡಿದೆ. ಯಾಕೆ ಹಾಕಿದ್ಲು ಅನ್ನೋದೇ ಮರೆತು ಉಪ್ಪು ತಂದೆ."

ಸಭೆ ನಕ್ಕಿತು, ಅಜ್ಜನೂ ನಕ್ಕರು.

"ಪುರೋಹಿತರು ಹಾಕಿದ ಗಂಟು ಸಂಜೆಗೆ ಬಿಚ್ಚಿ ಹೋಗುತ್ತೆ. ಇನ್ನೊಬ್ಬರು ಮರೆತಾಗ ಬೈಯೋ ಬದಲು ನೀವೇ ಹಾಕೋ ಗಂಟು ಇದೆಯಲ್ಲ, ಅದೇ ಏಳನೇ ಹೆಜ್ಜೆ. ಅದನ್ನ ದಿನಾ ನಡೀರಿ. ಇಬ್ಬರೂ ಚೆನ್ನಾಗಿರಿ. ಏಳಿ, ಊಟಕ್ಕೆ."

ಮರುದಿನ ಅಜ್ಜ ಊರಿನ ಬಸ್ಸು ಹತ್ತುವಾಗ ತಂಗಿ ಬಗ್ಗಿ ಅವರ ಶಲ್ಯದ ತುದಿಗೆ ಒಂದು ಗಂಟು ಹಾಕಿದಳು. "ಮುಟ್ಟಿದ ತಕ್ಷಣ ಫೋನ್ ಮಾಡಬೇಕು, ನೆನಪಿರಲಿ."

ರಾತ್ರಿ ಒಂಬತ್ತಕ್ಕೆ ಫೋನ್ ಬಂತು. "ಮಗಾ, ಗಂಟು ನೋಡಿದೆ. ಉಪ್ಪು ತರಬೇಕಿತ್ತಾ?"