ಬಹುಕರೆನ್ಸಿ ಬೆಲೆ ಪ್ರದರ್ಶನ

ಬಹುಕರೆನ್ಸಿ ಬೆಲೆ ಪ್ರದರ್ಶನ ಎಂದರೆ ಆನ್‌ಲೈನ್ ಮಳಿಗೆಯೊಂದು ತನ್ನ ಸರಕುಗಳ ಬೆಲೆಯನ್ನು ಆಯಾ ದೇಶದ ಗ್ರಾಹಕರ ಕರೆನ್ಸಿಯಲ್ಲಿ ತೋರಿಸುವ ವ್ಯವಸ್ಥೆ. ಮಾರಾಟಗಾರನ ಮೂಲ ಬೆಲೆಯನ್ನು ವಿನಿಮಯ ದರದ ಆಧಾರದಲ್ಲಿ ಪರಿವರ್ತಿಸಿ, ಬಂದ ಮೊತ್ತವನ್ನು ರೌಂಡಿಂಗ್ ಮಾಡಿ, ದರ ಬದಲಾದಂತೆ ಬೆಲೆಯನ್ನು ನವೀಕರಿಸಲಾಗುತ್ತದೆ.

ರೌಂಡಿಂಗ್

ಕರೆನ್ಸಿಯೊಂದಕ್ಕೆ ಎಷ್ಟು ದಶಮಾಂಶ ಸ್ಥಾನಗಳಿವೆ ಎಂಬುದನ್ನು ಐಎಸ್‌ಒ 4217 ಎಂಬ ಅಂತರರಾಷ್ಟ್ರೀಯ ಮಾನಕವು ಸೂಚಿಸುತ್ತದೆ. ಅಮೆರಿಕದ ಡಾಲರಿಗೆ ಎರಡು, ಕುವೈತಿನ ದಿನಾರಿಗೆ ಮೂರು ಸ್ಥಾನಗಳಿವೆ. ಜಪಾನಿನ ಯೆನ್‌ಗೆ ಒಂದೂ ಇಲ್ಲ. ಆದ್ದರಿಂದ ಎಲ್ಲ ಕರೆನ್ಸಿಗಳಿಗೂ ಎರಡು ಸ್ಥಾನಗಳ ನಿಯಮವನ್ನೇ ಅನ್ವಯಿಸಿದರೆ ಯೆನ್ ಬೆಲೆಯಲ್ಲಿ ಅರ್ಥವಿಲ್ಲದ ಭಿನ್ನಾಂಶ ಕಾಣಿಸಿಕೊಳ್ಳುತ್ತದೆ.

ಇದರ ನಂತರ ಹಲವು ಮಳಿಗೆಗಳು ಮೊತ್ತವನ್ನು .99ರಂತಹ ರೂಢಿಯ ಕೊನೆಯಂಕಿಗೆ ಏರಿಸುತ್ತವೆ. ಹೀಗೆ ನಿಗದಿಯಾದ ಬೆಲೆಗೆ ‘ಪ್ರೈಸ್ ಪಾಯಿಂಟ್’ ಎಂದು ಹೆಸರು.

ಉದಾಹರಣೆ

ಚನ್ನಪಟ್ಟಣದ ಮರದ ಗೊಂಬೆಯೊಂದರ ಮೂಲ ಬೆಲೆ 1,499 ರೂಪಾಯಿ ಎಂದು ಭಾವಿಸೋಣ. ಡಾಲರಿಗೆ 83.40 ರೂಪಾಯಿ ಇದ್ದಾಗ ಪರಿವರ್ತಿತ ಮೊತ್ತ 17.97 ಡಾಲರ್, ತೋರಿಸುವ ಬೆಲೆ 17.99. ಮರುದಿನ ದರವು 83.30ಕ್ಕೆ ಇಳಿದರೆ ಮೊತ್ತ 18.00 ಆಗುತ್ತದೆ, ನಿಯಮದಂತೆ ಬೆಲೆ 18.99ಕ್ಕೆ ಜಿಗಿಯುತ್ತದೆ. ದರದಲ್ಲಿ ಹತ್ತು ಪೈಸೆಯ ವ್ಯತ್ಯಾಸವಾದರೆ ಗ್ರಾಹಕನಿಗೆ ಒಂದು ಡಾಲರ್ ಹೆಚ್ಚಾಯಿತು. ದರವು ಈ ಗಡಿಯ ಆಚೀಚೆ ತೂಗಾಡಿದಷ್ಟು ಕಾಲ ಬೆಲೆಯೂ ಏರಿಳಿಯುತ್ತಿರುತ್ತದೆ.

ಇದನ್ನು ತಡೆಯಲು ಬೆಲೆ ನಿಗದಿಯಾದಾಗ ಇದ್ದ ದರವನ್ನು ದಾಖಲಿಸಿಡಲಾಗುತ್ತದೆ. ಹೊಸ ದರವು ಅದಕ್ಕಿಂತ, ಉದಾಹರಣೆಗೆ, ಶೇ. 2ಕ್ಕೂ ಹೆಚ್ಚು ಸರಿದಾಗ ಮಾತ್ರ ಬೆಲೆಯನ್ನು ಮರುಲೆಕ್ಕ ಮಾಡಲಾಗುತ್ತದೆ. ಮೇಲಿನ ಇಳಿಕೆ ಶೇ. 0.12ರಷ್ಟೇ ಆದುದರಿಂದ ಬೆಲೆ 17.99 ಆಗಿಯೇ ಉಳಿಯುತ್ತದೆ. ದರವು ಸುಮಾರು 81.73ಕ್ಕಿಂತ ಕೆಳಗಿಳಿದರೆ ಬೆಲೆ ಬದಲಾಗುತ್ತದೆ. ಮರುಲೆಕ್ಕವು ಯಾವಾಗಲೂ 1,499 ರೂಪಾಯಿಯಿಂದಲೇ ಆರಂಭವಾಗಬೇಕು. ಈಗಾಗಲೇ ಏರಿಸಿದ ಡಾಲರ್ ಬೆಲೆಯನ್ನು ಆಧಾರವಾಗಿಟ್ಟುಕೊಂಡರೆ ಪ್ರತಿ ಸಲವೂ ಏರಿಕೆಯ ಮೇಲೆ ಏರಿಕೆ ಸೇರುತ್ತದೆ.

ದರದ ನವೀಕರಣ

ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ಕೆಲಸದ ದಿನಗಳಲ್ಲಿ ಯೂರೋ ಆಧಾರಿತ ಉಲ್ಲೇಖ ದರಗಳನ್ನು ಪ್ರಕಟಿಸುತ್ತದೆ. ಅವುಗಳಿಂದ ರೂಪಾಯಿ–ಡಾಲರ್ ದರ ಪಡೆಯಲು ಎರಡನ್ನೂ ಯೂರೋ ಮೂಲಕ ಹೋಲಿಸಬೇಕು. ವಾರಾಂತ್ಯದಲ್ಲಿ ಹೊಸ ದರ ಬರುವುದಿಲ್ಲವಾದ್ದರಿಂದ ಭಾನುವಾರ ಶುಕ್ರವಾರದ ದರವೇ ಇರುವುದು ಸಹಜ. ಆದರೆ ದರದ ದಿನಾಂಕವನ್ನು ಜೊತೆಗೇ ಉಳಿಸಿಕೊಳ್ಳದಿದ್ದರೆ, ಮಾಹಿತಿಯ ಮೂಲ ಕಡಿದುಹೋಗಿ ವಾರಗಳಷ್ಟು ಹಳೆಯದಾದ ದರ ಬಳಕೆಯಲ್ಲಿದ್ದರೂ ಗಮನಕ್ಕೆ ಬರುವುದಿಲ್ಲ. ಉಲ್ಲೇಖ ದರವು ಮಾಹಿತಿಗಾಗಿ ಮಾತ್ರ. ಬ್ಯಾಂಕುಗಳು ವಹಿವಾಟಿಗೆ ಬಳಸುವ ದರ ಬೇರೆ ಇರಬಹುದು.

ಪಾವತಿ

ಡಾಲರಿನಲ್ಲಿ ಬೆಲೆ ತೋರಿಸಿ ರೂಪಾಯಿಯಲ್ಲಿ ಹಣ ಪಡೆಯುವ ಮಳಿಗೆಯಲ್ಲಿ ಕೊನೆಯ ಮೊತ್ತವನ್ನು ಗ್ರಾಹಕನ ಕಾರ್ಡ್ ವ್ಯವಸ್ಥೆಯ ದರ ನಿರ್ಧರಿಸುತ್ತದೆ. ಆದುದರಿಂದ ಅಲ್ಲಿ ತೋರಿಸುವ ಬೆಲೆಯ ಪಕ್ಕದಲ್ಲಿ ‘ಅಂದಾಜು’ ಎಂದು ನಮೂದಿಸಬೇಕಾಗುತ್ತದೆ. ಡಾಲರಿನಲ್ಲಿಯೇ ಹಣ ಪಡೆಯುವುದಾದರೆ ಆರ್ಡರ್ ಮಾಡಿದ ಕ್ಷಣದ ಬೆಲೆಯನ್ನು ಸ್ಥಿರಗೊಳಿಸಲಾಗುತ್ತದೆ. ಸರಕು ಹಿಂತಿರುಗಿದಾಗ ಅದೇ 17.99 ಡಾಲರನ್ನು ಮರಳಿಸಲಾಗುತ್ತದೆ. ಅಷ್ಟರಲ್ಲಿ ಆದ ದರದ ಏರಿಳಿತವನ್ನು ಮಾರಾಟಗಾರನೇ ಭರಿಸುತ್ತಾನೆ.