ಮೂವತ್ತು ಸೆಕೆಂಡಿನಲ್ಲಿ ಚಿಕ್ಕಮಗಳೂರು

ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಬಸ್, ಭಾನುವಾರ ರಾತ್ರಿ ವಾಪಸ್. ಇಂಥ ಚಿಕ್ಕಮಗಳೂರು ಪ್ಯಾಕೇಜಿಗೆ 30 ಸೆಕೆಂಡಿನ ವಿಡಿಯೊ ಮಾಡುವ ಟ್ರಾವೆಲ್ಸ್‌ನವರಿಗೆ ಸಿಗುವುದು ಐವತ್ತು, ಅರವತ್ತು ಪದಗಳಷ್ಟೇ.

ಮುಳ್ಳಯ್ಯನಗಿರಿಯ ಮಂಜಿಗೆ ಐದು ಸೆಕೆಂಡು ಸಾಕು. ಆಮೇಲೆ ದರ. ‘ತಲಾ ಇಷ್ಟು’ ಎಂದರೆ ಸಾಲದು. ಒಂದು ರೂಮಿನಲ್ಲಿ ಇಬ್ಬರು ಉಳಿದರೆ ಮಾತ್ರ ಆ ದರ ಎಂಬುದೂ ಜೊತೆಗೇ ಬರಬೇಕು. ಇಲ್ಲದಿದ್ದರೆ ಒಬ್ಬರೇ ಬರುವವರಿಗೆ ಹೆಚ್ಚುವರಿ ಹಣದ ವಿಷಯ ಗೊತ್ತಾಗುವುದು ಬುಕಿಂಗ್ ಹೊತ್ತಿನಲ್ಲೇ.

‘ಊಟ-ತಿಂಡಿ ಸೇರಿದೆ’ ಎಂಬ ಸಾಲು ಜಗಳಕ್ಕೆ ದಾರಿ. ಅದರ ಬದಲು ಹೀಗೆ ಬರೆಯಬಹುದು: “ಎರಡು ದಿನದ ತಿಂಡಿ, ಶನಿವಾರ ರಾತ್ರಿಯ ಊಟ ನಮ್ಮದು. ಎರಡೂ ಮಧ್ಯಾಹ್ನದ ಊಟ, ಝರಿ ಜಲಪಾತದ ಜೀಪ್ ಬಾಡಿಗೆ ನಿಮ್ಮದು.” ಜೀಪಿನ ಮಾತು ಬಿಡುವಂತೆಯೇ ಇಲ್ಲ. ಜಲಪಾತದ ಕಡಿದಾದ ಕಚ್ಚಾ ರಸ್ತೆಯಲ್ಲಿ ಪ್ರವಾಸದ ಬಸ್ ಇಳಿಯುವುದಿಲ್ಲ. ಸ್ಥಳೀಯ ಜೀಪನ್ನೇ ಹಿಡಿಯಬೇಕು.

ಸೇರದ ಖರ್ಚನ್ನು ಕೊನೆಯಲ್ಲಿ ಸಣ್ಣಕ್ಷರದಲ್ಲಿ ಮಿಂಚಿಸಿ ಮಾಯ ಮಾಡುವ ರೂಢಿ ಇದೆ. ಅದು ತಪ್ಪು. ಸೇರಿದ್ದನ್ನು ಹೇಳಿದ ದನಿಯೇ ಇದನ್ನೂ ಹೇಳಬೇಕು, ಅಕ್ಷರದ ಗಾತ್ರವೂ ಒಂದೇ ಇರಬೇಕು. ಫೋನಿನ ಸದ್ದು ಬಂದ್ ಮಾಡಿಕೊಂಡು ನೋಡುವವರಿಗೆ ಓದಿ ಮುಗಿಸುವಷ್ಟು ಹೊತ್ತು, ಅಂದರೆ ನಾಲ್ಕೈದು ಸೆಕೆಂಡು, ಅದು ಪರದೆಯ ಮೇಲೆ ನಿಲ್ಲಬೇಕು.