ನೀನಿಲ್ಲದ ಎರಡು ದಿನ

ಮದುವೆಯಾಗಿ ಮೂವತ್ತು ವರ್ಷ ದಾಟಿದ ಮೇಲೆ ಹೆಂಡತಿಗೆ ಪತ್ರ ಬರೆಯಲು ಕೂತವನಿಗೆ ಮೊದಲ ಸಾಲೇ ಕಷ್ಟ. ಹೇಳಬೇಕಾದ್ದು ಅಷ್ಟಿರುತ್ತದೆ. ಎಲ್ಲವನ್ನೂ ಹೇಳಹೊರಟರೆ ತಾಳ್ಮೆ, ತ್ಯಾಗ, ಮಕ್ಕಳು, ಮನೆ ಎಂದು ಸಾಲುಗಟ್ಟಿ, ಪತ್ರ ನಿವೃತ್ತಿಯ ದಿನ ಓದುವ ಸನ್ಮಾನಪತ್ರದಂತಾಗುತ್ತದೆ.

ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಹಾಗೆ ಮಾಡಲಿಲ್ಲ. ಅವರೂ ನ್ಯಾನ್ಸಿಯೂ ಮದುವೆಯಾದದ್ದು 1952ರ ಮಾರ್ಚ್ 4ರಂದು. ಮೂವತ್ತು ವರ್ಷ ತುಂಬಿ ಇನ್ನೊಂದು ಕಳೆದು, 1983ರ ಅದೇ ದಿನ, ಅಧ್ಯಕ್ಷರ ವಿಮಾನದ ಕಾಗದದ ಮೇಲೆ ಅವರು ಕೈಯಾರೆ ಬರೆದ ಪತ್ರ ಒಂದು ಪುಟವನ್ನು ಅಷ್ಟೇನೂ ಮೀರುವುದಿಲ್ಲ.

ಆರಂಭದಲ್ಲಿ ಪ್ರೀತಿಯ ಮಾತೇ ಇಲ್ಲ. ಪ್ರತಿವರ್ಷ ಈ ಬೆಳಿಗ್ಗೆ ನಿನ್ನ ತಿಂಡಿಯ ತಟ್ಟೆಯ ಮೇಲೆ ಶುಭಾಶಯದ ಕಾರ್ಡುಗಳನ್ನು ಇಡುವುದು ರೂಢಿ, ಈ ಸಲ ಎಲ್ಲ ಏರುಪೇರಾಗಿದೆ, ಉಡುಗೊರೆಯನ್ನು ಕೆಲವು ವಾರ ಮುಂಚೆಯೇ ಕೊಟ್ಟಾಗಿದೆ ಎಂದು ಅವರು ಶುರುಮಾಡುತ್ತಾರೆ. ಮನೆಯೊಳಗಿನ ಇಬ್ಬರಿಗಷ್ಟೇ ಗೊತ್ತಿರುವ ಸಂಗತಿ. ಓದುವಾಕೆಗೆ ಇದು ತನಗಾಗಿಯೇ ಬರೆದದ್ದು ಎಂದು ತಿಳಿಯಲು ಅಷ್ಟು ಸಾಕು.

ಏರುಪೇರಿಗೆ ಕಾರಣವಿತ್ತು. ಬ್ರಿಟನ್ನಿನ ರಾಣಿ ಎರಡನೆಯ ಎಲಿಜಬೆತ್ ಆ ವಾರ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದರು. ಸಾಂತಾ ಬಾರ್ಬರಾದ ಬೆಟ್ಟಗಳಲ್ಲಿದ್ದ ರೇಗನ್ ಅವರ ತೋಟದ ಮನೆಗೂ ಸುರಿಮಳೆಯಲ್ಲೇ ಬಂದುಹೋದರು. ಬಳಿಕ ನ್ಯಾನ್ಸಿ ರಾಣಿಯೊಂದಿಗೆ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿದ್ದರು. ಅವರಿಲ್ಲದ ಆ ಎರಡು ದಿನಗಳೇ ಪತ್ರದ ಜೀವ.

ಕುದುರೆ ಸವಾರಿ, ಸೌದೆ ಒಡೆಯುವುದು, ಪೊದೆ ಸವರುವುದು ಎಂದು ರೇಗನ್ ಮನಸಾರೆ ಮೆಚ್ಚಿದ ಜಾಗ ಅದು. ಅಂಥ ಜಾಗವೂ ನೀನಿದ್ದರೆ ಮಾತ್ರ ಇಷ್ಟ ಎಂಬುದು ಈ ಎರಡು ದಿನಗಳಲ್ಲಿ ತಿಳಿಯಿತು ಎಂದು ಅವರು ಬರೆಯುತ್ತಾರೆ. ಆಮೇಲೆ, ಯೋಚಿಸಿದರೆ ಎಲ್ಲ ಜಾಗಕ್ಕೂ ಎಲ್ಲ ಹೊತ್ತಿಗೂ ಇದೇ ಮಾತು ಸಲ್ಲುತ್ತದಲ್ಲ ಎಂದು ಮುಂದುವರಿಸುತ್ತಾರೆ.

ನನ್ನ ಮಟ್ಟಿಗೆ ಪತ್ರ ನಿಂತಿರುವುದು ಈ ಕ್ರಮದ ಮೇಲೆ. ನೀನೇ ನನ್ನ ಬದುಕು, ನೀನಿಲ್ಲದೆ ನಾನು ಪೂರ್ತಿಯಲ್ಲ ಎಂಬ ದೊಡ್ಡ ಮಾತುಗಳೂ ಅದರಲ್ಲಿವೆ. ಆದರೆ ತೋಟದ ಮನೆಯ ನಂತರ ಬರುತ್ತವೆ. ಮೊದಲೇ ಬಂದಿದ್ದರೆ ಅಂಗಡಿಯ ಕಾರ್ಡಿನ ಸಾಲುಗಳಾಗುತ್ತಿದ್ದವು. ಕಣ್ಣಿಗೆ ಕಾಣುವ ಒಂದು ಕೊರತೆಯನ್ನು ತೋರಿಸಿದವನು ಆಮೇಲೆ ಎಷ್ಟು ದೊಡ್ಡ ಮಾತಾಡಿದರೂ ನಂಬಿಕೆ ಬರುತ್ತದೆ.

ನಮ್ಮಲ್ಲಿ ಬರೆಯಹೊರಟವರೂ ಮೂವತ್ತು ವರ್ಷದ ಲೆಕ್ಕ ತೆಗೆಯಬೇಕಾಗಿಲ್ಲ. ಹೆಂಡತಿ ತವರಿಗೋ ಮಗಳ ಬಾಣಂತನಕ್ಕೋ ಹೋಗಿದ್ದಾಗ ಮನೆಯಲ್ಲಿ ಏನು ರುಚಿಗೆಟ್ಟಿತು, ಯಾವ ಹೊತ್ತು ಉದ್ದವಾಯಿತು ಎಂಬುದೊಂದನ್ನು ನಿಜವಾಗಿ ಬರೆದರೆ ಉಳಿದದ್ದಕ್ಕೆ ದಾರಿ ತೆರೆಯುತ್ತದೆ.

ರೇಗನ್ ಪತ್ರದ ಕೊನೆಗೆ ತಮ್ಮ ಹೆಸರಿಗಿಂತ ಕೃತಜ್ಞನಾದ ಗಂಡ ಎಂಬುದನ್ನೇ ಗುರುತಾಗಿ ಇಟ್ಟರು. 1994ರಲ್ಲಿ ತಮಗೆ ಅಲ್ಜೈಮರ್ ಕಾಯಿಲೆ ಇದೆಯೆಂದು ಅವರು ದೇಶಕ್ಕೆ ತಿಳಿಸಿದರು. ಕಾಪಾಡಿಟ್ಟಿದ್ದ ಪತ್ರಗಳನ್ನು ನ್ಯಾನ್ಸಿ 2000ದಲ್ಲಿ ಪುಸ್ತಕವಾಗಿ ತಂದಾಗ, ಗಂಡ ಇನ್ನೂ ಬದುಕಿದ್ದರು. ಆ ನೆನಪುಗಳನ್ನು ಇಬ್ಬರ ಪರವಾಗಿ ನ್ಯಾನ್ಸಿಯೇ ಇಟ್ಟುಕೊಳ್ಳಬೇಕಾಗಿತ್ತು.